20 ಜಿಬಿ ಉಳಿದಿದೆ, ಯಾವ ಗೇಮ್ ಆಡೋಣ?

256 ಜಿಬಿ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ತೋರಿಸುವುದು 238 ಜಿಬಿ. ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ, ಅಷ್ಟೇ. ಅದರಲ್ಲಿ ವಿಂಡೋಸ್, ಫೋಟೊ, ಆಫೀಸಿನ ಫೈಲು ಎಲ್ಲ ಸೇರಿ ಕೊನೆಗೆ ಒಂದು 20 ಜಿಬಿ ಉಳಿಯಿತು ಎನ್ನೋಣ. ಆ 20 ಜಿಬಿಯನ್ನೂ ಪೂರ್ತಿ ಬಳಸುವ ಹಾಗಿಲ್ಲ.

ಎಸ್‌ಎಸ್‌ಡಿಯಲ್ಲಿ ಹಳೆಯ ಬರಹದ ಮೇಲೆಯೇ ಹೊಸದನ್ನು ಬರೆಯಲು ಆಗುವುದಿಲ್ಲ. ಮೊದಲು ಅಳಿಸಬೇಕು. ಅಳಿಸುವುದೂ ಹಲವು ಎಂಬಿ ಗಾತ್ರದ ಇಡೀ ಬ್ಲಾಕನ್ನೇ. ಖಾಲಿ ಬ್ಲಾಕ್ ಸಿಗದಿದ್ದರೆ ಡ್ರೈವ್ ಒಂದು ಬ್ಲಾಕಿನಲ್ಲಿ ಬೇಕಾದ ಮಾಹಿತಿಯನ್ನು ಬೇರೆಡೆಗೆ ಸಾಗಿಸಿ, ಅದನ್ನು ಅಳಿಸಿ, ಆಮೇಲೆ ನಿಮ್ಮ ಫೈಲ್ ಬರೆಯುತ್ತದೆ. ದೊಡ್ಡ ಫೈಲ್ ಕಾಪಿ ಮಾಡುವಾಗ ಶುರುವಿನಲ್ಲಿ ಭರ್ರೆಂದು ಓಡಿ, ಸ್ವಲ್ಪ ಹೊತ್ತಿಗೆ ವೇಗ ದಿಢೀರನೆ ಕುಸಿಯುತ್ತದಲ್ಲ, ಅದಕ್ಕೆ ಇದೂ ಒಂದು ಕಾರಣ. ಡ್ರೈವಿನಲ್ಲಿ ಯಾವಾಗಲೂ ಒಂದಿಷ್ಟು ಜಾಗ ಖಾಲಿ ಇಡುವುದು ಒಳ್ಳೆಯದು ಎನ್ನುವುದು ಅದಕ್ಕೇ.

ಇನ್ನೊಂದು ಕಿರಿಕಿರಿ ಅಪ್‌ಡೇಟ್‌ನದು. 2 ಜಿಬಿ ಅಪ್‌ಡೇಟ್‌ಗೆ ಕೆಲವೊಮ್ಮೆ 30 ಜಿಬಿ ಜಾಗ ಬೇಡುತ್ತದೆ. ಗೇಮಿನ ಮಾಹಿತಿಯೆಲ್ಲ ಒಂದೇ ದೈತ್ಯ ಫೈಲಿನಲ್ಲಿದ್ದರೆ, ಗೇಮ್ ಮಾರುವ, ಅಪ್‌ಡೇಟ್ ಮಾಡುವ ಸ್ಟೀಮ್ ಎಂಬ ಆ್ಯಪ್ ಆ ಫೈಲಿನ ಹೊಸ ಪ್ರತಿ ಕಟ್ಟಿದ ಮೇಲೆಯೇ ಹಳೆಯದನ್ನು ತೆಗೆಯುತ್ತದೆ. ಹಾಗಾಗಿ ಇವತ್ತು ಹೇಗೋ ಹಿಡಿಸಿದ ಗೇಮ್ ಮುಂದಿನ ತಿಂಗಳು ಅಪ್‌ಡೇಟ್ ಆಗದೆ ಕೂರಬಹುದು.

ಸರಿ, ಸಣ್ಣ ಗೇಮ್ ಬೇಕು. ಯಾವುದು ಸಣ್ಣದು ಎಂದು ಊಹಿಸಲು ಗೇಮಿನ ತೂಕ ಎಲ್ಲಿರುತ್ತದೆ ಎಂದು ಗೊತ್ತಿದ್ದರೆ ಸಾಕು. ಅದು ಆಟದ ನಿಯಮಗಳಲ್ಲಂತೂ ಇರುವುದಿಲ್ಲ. ಶತ್ರು ಹೇಗೆ ನಡೆಯಬೇಕು, ಗುಂಡು ತಾಗಿದರೆ ಏನಾಗಬೇಕು ಎಂಬ ಕೋಡು ಸಾಮಾನ್ಯವಾಗಿ ಕೆಲವೇ ಎಂಬಿ. ಜಾಗ ತಿನ್ನುವುದು ಚಿತ್ರ ಮತ್ತು ಸದ್ದು.

ಒಂದು ಲೆಕ್ಕ ಹಾಕೋಣ. ಈಗಿನ ತ್ರೀಡಿ ಗೇಮಿನಲ್ಲಿ ಒಂದು ಗೋಡೆಗೆ ಅಂಟಿಸುವ ಚಿತ್ರ 4096 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ ಇರಬಹುದು. ಪಿಕ್ಸೆಲ್‌ಗೆ 4 ಬೈಟ್ ಹಿಡಿದರೆ ಇದೊಂದಕ್ಕೇ 64 ಎಂಬಿ. ಗ್ರಾಫಿಕ್ಸ್ ಚಿಪ್‌ಗೆ ಒಗ್ಗುವಂತೆ ಕುಗ್ಗಿಸಿದರೂ 16 ಎಂಬಿ ಆಗುತ್ತದೆ. ಅದೂ ಬಣ್ಣದ ಚಿತ್ರವೊಂದೇ. ಗೋಡೆಯ ಉಬ್ಬುತಗ್ಗಿಗೆ ಒಂದು, ಹೊಳಪಿಗೆ ಒಂದು ಎಂದು ಜೊತೆಗೆ ಇನ್ನೂ ಕೆಲವು ಬರುತ್ತವೆ. ಈಗ ಹಳೆಯ ಶೈಲಿಯ ಪಿಕ್ಸೆಲ್ ಗೇಮ್ ನೋಡಿ. ಗೋಡೆಯ ಒಂದು ಹಲಗೆ 16ಕ್ಕೆ 16 ಪಿಕ್ಸೆಲ್, 16 ಬಣ್ಣ. ಪಿಕ್ಸೆಲ್‌ಗೆ ಅರ್ಧ ಬೈಟ್ ಸಾಕು, ಒಟ್ಟು 128 ಬೈಟ್. ಅದನ್ನೇ ಮತ್ತೆ ಮತ್ತೆ ಜೋಡಿಸಿ ಇಡೀ ಕೋಟೆ ಕಟ್ಟುತ್ತಾರೆ.

ಜಾಗ ಪೋಲಾಗುವುದೂ ಉಂಟು. ಹೆಲ್‌ಡೈವರ್ಸ್ 2 ಕಂಪ್ಯೂಟರಿನಲ್ಲಿ 150 ಜಿಬಿ ಮುಟ್ಟಿತ್ತು. ತಿರುಗುವ ಹಾರ್ಡ್‌ಡಿಸ್ಕ್‌ನಲ್ಲಿ ಓದುವ ಸೂಜಿ ಅತ್ತಿತ್ತ ಅಲೆಯಬಾರದೆಂದು ಒಂದೇ ಚಿತ್ರವನ್ನು ಹಲವು ಕಡೆ ನಕಲು ಮಾಡಿ ಇಟ್ಟಿದ್ದರು. ಎಸ್‌ಎಸ್‌ಡಿಯಲ್ಲಿ ಸೂಜಿಯೇ ಇಲ್ಲ ಅಲ್ವಾ? 2025ರ ಕೊನೆಯಲ್ಲಿ ನಕಲುಗಳನ್ನು ತೆಗೆದರು. ಗೇಮ್ 23 ಜಿಬಿಗೆ ಇಳಿಯಿತು.

ಇದರ ಪೂರ್ತಿ ಎದುರು ತುದಿಯಲ್ಲಿ ಒಂದು ಹಳೆಯ ಜಾಣತನ ಇದೆ. ಚಿತ್ರವನ್ನೋ ಲೋಕವನ್ನೋ ಉಳಿಸಿಡದೆ, ಅದನ್ನು ಬರೆಯುವ ವಿಧಾನ ಮಾತ್ರ ಇಟ್ಟುಕೊಳ್ಳುವುದು. ರಂಗೋಲಿಗೆ ಫೋಟೊ ಬೇಡ, "15 ಚುಕ್ಕಿ, ಒಂದಕ್ಕೆ ನಿಲ್ಲಿಸಿ" ಎಂದರೆ ಗೊತ್ತಿದ್ದವರು ಇಟ್ಟುಬಿಡುತ್ತಾರೆ, ಹಾಗೆ.

1984ರಲ್ಲಿ ಬಂದ, ಗ್ರಹದಿಂದ ಗ್ರಹಕ್ಕೆ ಹಾರಿ ವ್ಯಾಪಾರ ಮಾಡುವ ಎಲೀಟ್ ಎಂಬ ಗೇಮ್ ಇದಕ್ಕೆ ನನಗೆ ತುಂಬ ಇಷ್ಟದ ಉದಾಹರಣೆ. ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಡೇವಿಡ್ ಬ್ರಾಬೆನ್ ಮತ್ತು ಇಯಾನ್ ಬೆಲ್ ಅದನ್ನು ಬಿಬಿಸಿ ಮೈಕ್ರೊ ಕಂಪ್ಯೂಟರಿಗೆ ಬರೆದರು. ಅದರ ಮೆಮೊರಿಯೇ 32 ಕೆಬಿ. ಅದರೊಳಗೆ 8 ಗ್ಯಾಲಕ್ಸಿ, ಒಂದೊಂದರಲ್ಲಿ 256 ಗ್ರಹ, ಒಟ್ಟು 2048. ಪ್ರತಿ ಗ್ರಹಕ್ಕೂ ಹೆಸರು, ಜಾಗ, ಸರ್ಕಾರ, ವ್ಯಾಪಾರ ಬೇರೆ ಬೇರೆ. ಇಷ್ಟನ್ನು ಪಟ್ಟಿ ಮಾಡಿ ಇಡಲು ಜಾಗವೆಲ್ಲಿ?

ಅವರು ಇಟ್ಟಿದ್ದು ಮೂರು ಸಂಖ್ಯೆ ಮಾತ್ರ, ಒಟ್ಟು 6 ಬೈಟ್. ಮೊದಲ ಗ್ಯಾಲಕ್ಸಿಯ ಸಂಖ್ಯೆಗಳು 23114, 584, 46931. ಮೂರನ್ನೂ ಕೂಡಿದರೆ 70629. ಆ ಸಂಖ್ಯೆಗಳ ಮಿತಿ 65535 ಆದ್ದರಿಂದ 65536 ಕಳೆಯಬೇಕು, ಉಳಿಯುವುದು 5093. ಮೊದಲನೆಯದನ್ನು ಬಿಟ್ಟು ಹೊಸದನ್ನು ಕೊನೆಗೆ ಸೇರಿಸಿದರೆ 584, 46931, 5093. ಹೀಗೆ ನಾಲ್ಕು ಸಲ ಮಾಡಿದರೆ ಮುಂದಿನ ಗ್ರಹದ ಸಂಖ್ಯೆಗಳು ಸಿಗುತ್ತವೆ. ಆ ಸಂಖ್ಯೆಗಳ ಕೆಲವು ಬಿಟ್‌ಗಳು ಸರ್ಕಾರ ಯಾವುದೆಂದು ಹೇಳುತ್ತವೆ, ಇನ್ನು ಕೆಲವು ನಕ್ಷೆಯಲ್ಲಿ ಜಾಗ ಹೇಳುತ್ತವೆ. ಹೆಸರಿಗೆ ಎರಡೆರಡು ಅಕ್ಷರದ ತುಣುಕುಗಳ ಸಣ್ಣ ಪಟ್ಟಿ ಇದೆ. ಆಟ ಶುರುವಾಗುವ ಗ್ರಹದ ಹೆಸರು ಲೇವ್, ಅಂದರೆ LA ಮತ್ತು VE. ಲೆಕ್ಕ ಯಾವಾಗ ಮಾಡಿದರೂ ಉತ್ತರ ಒಂದೇ, ಹಾಗಾಗಿ ಲೇವ್ ಎಲ್ಲರ ಕಂಪ್ಯೂಟರಿನಲ್ಲೂ ಅದೇ ಜಾಗದಲ್ಲಿರುತ್ತದೆ. ಮುಂದಿನ ಗ್ಯಾಲಕ್ಸಿಗೆ ಆರೂ ಬೈಟ್‌ಗಳ ಬಿಟ್‌ಗಳನ್ನು ಒಂದೊಂದು ಸ್ಥಾನ ಸುತ್ತಿಸುತ್ತಾರೆ. ಬೈಟ್‌ನಲ್ಲಿ ಎಂಟು ಬಿಟ್, ಎಂಟು ಸಲ ಸುತ್ತಿಸಿದರೆ ಮತ್ತೆ ಮೊದಲಿಗೇ ಬರುತ್ತದೆ. ಗ್ಯಾಲಕ್ಸಿ ಎಂಟೇ ಇರುವುದಕ್ಕೆ ಇದು ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ.

ಆದರೆ ಇದು ಪುಕ್ಕಟೆ ಅಲ್ಲ. 2004ರಲ್ಲಿ ಜರ್ಮನಿಯ ಒಂದು ತಂಡ .kkrieger ಎಂಬ ತ್ರೀಡಿ ಶೂಟಿಂಗ್ ಗೇಮನ್ನು 96 ಕೆಬಿಯೊಳಗೆ ಕೂರಿಸಿತು. ಮೊಬೈಲಿನ ಒಂದು ಫೋಟೊಗಿಂತ ಎಷ್ಟೋ ಕಡಿಮೆ. ಗೋಡೆಯ ಚಿತ್ರಗಳು, ಸಂಗೀತ ಎಲ್ಲ ಶುರುವಾಗುವಾಗ ತಯಾರಾಗುತ್ತವೆ. ಹಾಗಾಗಿ ಮೊದಲಿಗೆ ಸುಮ್ನೆ ಕಾಯಬೇಕು, ತಯಾರಾದದ್ದೆಲ್ಲ ರ‍್ಯಾಮ್‌ನಲ್ಲಿ ನೂರಾರು ಎಂಬಿ ಹಿಡಿಯುತ್ತದೆ. ಡಿಸ್ಕಿನಲ್ಲಿ ಉಳಿಸಿದ್ದನ್ನು ಪ್ರೊಸೆಸರ್ ಮತ್ತು ರ‍್ಯಾಮ್ ತೀರಿಸುತ್ತವೆ. 4 ಜಿಬಿ ರ‍್ಯಾಮ್ ಇದ್ದವರು ಇದನ್ನು ನೆನಪಿಡಬೇಕು: ಇನ್‌ಸ್ಟಾಲ್ ಸಣ್ಣದಾದರೆ ಗೇಮ್ ಹಗುರ ಎಂದೇನಿಲ್ಲ.

ಈಗ ಆಡಲು ಏನು ಸಿಗುತ್ತದೆ? ನೆಟ್‌ಹ್ಯಾಕ್ ಉಚಿತ, ಕೆಲವೇ ಎಂಬಿ, ನೆಲಮಾಳಿಗೆ ಪ್ರತಿ ಸಲ ಹೊಸದು. ಅಕ್ಷರಗಳಲ್ಲೇ ಲೋಕ ತೋರಿಸುವುದರಿಂದ ಎಲ್ಲರಿಗೂ ಒಗ್ಗುವುದಿಲ್ಲ. ಶಾಟರ್ಡ್ ಪಿಕ್ಸೆಲ್ ಡಂಜನ್ ಅದೇ ಜಾತಿಯದು, ಕಣ್ಣಿಗೆ ಹಿತ. ಬಾಲಾಟ್ರೊ ಇಸ್ಪೀಟಿನ ಗೇಮ್, 150 ಎಂಬಿ ಇದ್ದರೆ ಸಾಕು. ಸ್ಟಾರ್‌ಡ್ಯೂ ವ್ಯಾಲಿಗೆ 500 ಎಂಬಿ, ತಿಂಗಳುಗಟ್ಟಲೆ ಆಡಬಹುದು. ಒಂದನ್ನೇ ಆರಿಸು ಎಂದರೆ ನಾನು 2024ರ ಅನಿಮಲ್ ವೆಲ್ ಎನ್ನುತ್ತೇನೆ. ಬಿಲ್ಲಿ ಬ್ಯಾಸೊ ಎಂಬ ಒಬ್ಬರೇ ಅದಕ್ಕೆ ಗೇಮ್ ಎಂಜಿನ್ನನ್ನೂ, ಅಂದರೆ ಗೇಮ್ ಓಡಿಸುವ ಅಡಿಪಾಯದ ಸಾಫ್ಟ್‌ವೇರನ್ನೂ ಬರೆದರು. ಸಿದ್ಧ ಎಂಜಿನ್ನಿನ ಹೊರೆ ಇಲ್ಲ, ಚಿತ್ರಗಳು ಪಿಕ್ಸೆಲ್‌ನವು, ಬೆಳಕು, ನೀರು, ಹೊಗೆ ಆಡುವಾಗಲೇ ಲೆಕ್ಕ ಹಾಕಿದ್ದು. ಒಟ್ಟು 35 ಎಂಬಿ ಆಸುಪಾಸು.

ಬೇರೆ ಗೇಮ್ ಹುಡುಕುವಾಗ ಸ್ಟೋರಿನ ಪುಟದಲ್ಲಿ ಜಾಗದ ಸಾಲು ನೋಡಿ, ಆದರೆ ಅದು ಅಂದಾಜಿನ ದುಂಡು ಸಂಖ್ಯೆ. ಸ್ಕ್ರೀನ್‌ಶಾಟ್ ಜಾಸ್ತಿ ನಿಜ ಹೇಳುತ್ತದೆ. ಪಿಕ್ಸೆಲ್ ಚಿತ್ರ ಇದ್ದು, ಪಾತ್ರಗಳು ಬಾಯಿಬಿಟ್ಟು ಮಾತಾಡದೆ ಬರಹದಲ್ಲೇ ಮಾತಾಡುತ್ತಿದ್ದರೆ ಗೇಮ್ ಬಹುತೇಕ ಸಣ್ಣದೇ. ಹಲವು ಭಾಷೆಗಳಲ್ಲಿ ಧ್ವನಿ ಇದ್ದರೆ ಎಚ್ಚರ, ಕುಗ್ಗಿಸದ ಸ್ಟೀರಿಯೊ ಸದ್ದು ನಿಮಿಷಕ್ಕೆ 10 ಎಂಬಿ ತಿನ್ನುತ್ತದೆ.

ಮೈನ್‌ಕ್ರಾಫ್ಟ್ ವಿಷಯ ಮಾತ್ರ ಬೇರೆ. ಅದರ ಲೋಕವೂ ಒಂದು ಸಂಖ್ಯೆಯಿಂದಲೇ ಹುಟ್ಟುತ್ತದೆ, ಇನ್‌ಸ್ಟಾಲ್ ದೊಡ್ಡದಲ್ಲ. ಆದರೆ ನೀವು ಕಾಲಿಟ್ಟ ಪ್ರದೇಶವನ್ನೆಲ್ಲ ಅದು ಡಿಸ್ಕಿಗೆ ಬರೆದಿಡುತ್ತದೆ, ಏಕೆಂದರೆ ನೀವು ಅಲ್ಲಿ ಅಗೆದಿರಬಹುದು, ಕಟ್ಟಿರಬಹುದು. ದೂರ ದೂರ ಸುತ್ತಾಡಿದರೆ ಒಂದೇ ಲೋಕ ಜಿಬಿಗಟ್ಟಲೆ ಬೆಳೆಯುತ್ತದೆ. ಜಾವಾ ಆವೃತ್ತಿಯಲ್ಲಿ ಅದು ಇರುವುದು ಇಲ್ಲಿ:

```
%AppData%\.minecraft\saves
```

ಇದನ್ನು ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸದ ಪಟ್ಟಿಯಲ್ಲಿ ಟೈಪ್ ಮಾಡಿ, ಒಂದೊಂದು ಲೋಕದ ಫೋಲ್ಡರಿನ ಗಾತ್ರ ನೋಡಿ. ಆಡದೆ ಬಿಟ್ಟ ಲೋಕಗಳನ್ನು ಪೆನ್‌ಡ್ರೈವ್‌ಗೆ ಸಾಗಿಸಿ ಇಲ್ಲಿಂದ ಅಳಿಸಬಹುದು. ಮತ್ತೆ ಬೇಕಾದಾಗ ಅದೇ ಜಾಗಕ್ಕೆ ತಂದು ಹಾಕಿದರೆ ಆಟ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ.