ಇಂಟರ್‌ವ್ಯೂ ಮುಂದಕ್ಕೆ ಹಾಕುವಾಗ ಮೆಸೇಜ್‌ನಲ್ಲಿ ಏನು ಬರೆಯಬೇಕು?

ನರಸಾಪುರ, ವೇಮಗಲ್ ಕಡೆಯ ಕಂಪನಿಗಳ ಎಚ್‌ಆರ್‌ನವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಇಂಟರ್‌ವ್ಯೂ ಮುಂದಕ್ಕೆ ಹೋಯ್ತು ಅಂತ ಮೆಸೇಜ್ ಹಾಕಿದ ಮೇಲೆ ಹುಡುಗರು ಫೋನೇ ಎತ್ತಲ್ಲ. ಏನು ಬರೆಯಬೇಕು?"

ಹಿಂದೆಯೂ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ. "ಇಂಟರ್‌ವ್ಯೂ ಮುಂದೂಡಲಾಗಿದೆ, ದಿನಾಂಕ ನಂತರ ತಿಳಿಸಲಾಗುವುದು" ಅಂತ ಹಾಕಿದರೆ ಸಾಕು, ಅದೇ ಶಿಸ್ತು ಅಂತ ತುಂಬಾ ಜನ ನಂಬಿದ್ದಾರೆ. ಅದು ತಪ್ಪು. ಕೆಲಸ ಹುಡುಕುವವರು ಆ ಸಾಲನ್ನು "ಬೇರೆ ಯಾರನ್ನೋ ತಗೊಂಡ್ರು" ಅಂತಲೇ ಓದುತ್ತಾರೆ. ಓದಿದ ಸಂಜೆಯೇ ಪಕ್ಕದ ಫ್ಯಾಕ್ಟರಿಗೆ ಬಯೋಡೇಟಾ ಕಳಿಸುತ್ತಾರೆ. ಅದರಲ್ಲಿ ಅವರ ತಪ್ಪೇನಿಲ್ಲ.

"ಮ್ಯಾನೇಜರ್ ಡೇಟ್ ಕೊಟ್ಟಿಲ್ಲ, ನಾನೇನು ಬರೆಯಲಿ?" ಅನ್ನುತ್ತೀರಿ. ಡೇಟ್ ಇಲ್ಲದಿದ್ದರೆ, ಅದನ್ನು ಯಾವಾಗ ತಿಳಿಸುತ್ತೀರಿ ಅನ್ನುವುದನ್ನು ಬರೆಯಿರಿ. "ಶುಕ್ರವಾರ ಸಂಜೆ 5ರೊಳಗೆ ಫೋನ್ ಮಾಡುತ್ತೇನೆ" ಅಂದರೆ ಅವರು ಅಲ್ಲಿಯವರೆಗೆ ಕಾಯುತ್ತಾರೆ. ಆ ಹೊತ್ತಿಗೂ ಡೇಟ್ ಸಿಗದಿದ್ದರೆ, ಸಿಕ್ಕಿಲ್ಲ ಅಂತ ಹೇಳೋಕಾದರೂ ಫೋನ್ ಮಾಡಲೇಬೇಕು.

ಒಂದು ಉದಾಹರಣೆ ನೋಡೋಣ. ಮುಳಬಾಗಿಲಿನ ಡಿಪ್ಲೊಮಾ ಹುಡುಗ, ಈಗ ಬೇರೆ ಕಡೆ ಶಿಫ್ಟ್ ಕೆಲಸದಲ್ಲಿದ್ದಾನೆ. ಗುರುವಾರ ಬೆಳಿಗ್ಗೆ 10ಕ್ಕೆ ನರಸಾಪುರದಲ್ಲಿ ಇಂಟರ್‌ವ್ಯೂ ಅಂತ ರಜೆ ಹಾಕಿದ್ದಾನೆ. ಬುಧವಾರ ಮಧ್ಯಾಹ್ನ ನಿಮಗೆ ಸುದ್ದಿ ಬರುತ್ತದೆ: ಮರುದಿನ ಕಸ್ಟಮರ್ ಆಡಿಟ್. ಆಗ ಹೆಸರು ಹಿಡಿದು ಹೀಗೆ ಬರೆಯಿರಿ:

"ನಮಸ್ಕಾರ. ನಾಳೆ, ಗುರುವಾರ 10 ಗಂಟೆಗಿದ್ದ ನಿಮ್ಮ ಇಂಟರ್‌ವ್ಯೂ ನಾಳೆ ಇರುವುದಿಲ್ಲ, ದಯವಿಟ್ಟು ಹೊರಡಬೇಡಿ. ಕಸ್ಟಮರ್ ಆಡಿಟ್ ಇರುವುದರಿಂದ ಕ್ವಾಲಿಟಿ ಮ್ಯಾನೇಜರ್ ಸಿಗುವುದಿಲ್ಲ. ರಜೆ ಹಾಕಿದ್ದರೆ ಕ್ಷಮಿಸಿ. ಶನಿವಾರ 11 ಅಥವಾ ಸೋಮವಾರ 3 ಗಂಟೆ, ಯಾವುದು ಆಗುತ್ತದೆ? ಎರಡೂ ಆಗದಿದ್ದರೆ ನಿಮಗೆ ಆಗುವ ಸಮಯ ಹೇಳಿ. ಹುದ್ದೆ, ಜಾಗ ಎರಡೂ ಮೊದಲಿನದೇ."

ಕೆಳಗೆ ನಿಮ್ಮ ಹೆಸರು, ನಂಬರ್ ಇರಲಿ. "ಹೊರಡಬೇಡಿ" ಅನ್ನುವುದು ಮೇಲೆಯೇ ಇರಬೇಕು, ಫೋನ್‌ನ ನೋಟಿಫಿಕೇಶನ್‌ನಲ್ಲಿ ಕಾಣುವುದು ಅಷ್ಟೇ ಅಲ್ವಾ? ಕಾರಣ ಒಂದೇ ಇರಲಿ, ನಿಜವಾದದ್ದಿರಲಿ. ಎರಡು ಸಮಯ ಕೊಟ್ಟರೆ ಅವನು ಒಂದನ್ನು ಆರಿಸಿ ಉತ್ತರ ಕೊಡುತ್ತಾನೆ. ಉತ್ತರ ಬಂತು ಅಂದರೆ ಆಸಕ್ತಿ ಇದೆ ಅಂತಲೇ. ಸಂಜೆವರೆಗೂ ಬರದಿದ್ದರೆ ಸುಮ್ನೆ ಕೂರಬೇಡಿ, ಫೋನ್ ಮಾಡಿ. ಇಂಟರ್‌ವ್ಯೂ ದಿನ ಬೆಳಿಗ್ಗೆಯೇ ಸುದ್ದಿ ತಿಳಿದರೆ ಮೊದಲು ಫೋನ್, ಆಮೇಲೆ ಮೆಸೇಜ್. ಅಷ್ಟೊತ್ತಿಗೆ ಅವನು ಕೋಲಾರದ ಬಸ್ಸು ಹತ್ತಿರುತ್ತಾನೆ.

ಯಾರೂ ಕೇಳದ ಇನ್ನೊಂದು ವಿಷಯ ಸೆಕ್ಯುರಿಟಿ ಗೇಟ್‌ನದು. ಇಂಟರ್‌ವ್ಯೂ ದಿನ ಬದಲಾಯಿಸುತ್ತೀರಿ, ಗೇಟ್‌ನಲ್ಲಿರುವ ವಿಸಿಟರ್ ಪಟ್ಟಿ ಬದಲಾಯಿಸುವುದಿಲ್ಲ. ಶನಿವಾರ ಹುಡುಗ ಬಂದರೆ "ನಿಮ್ಮ ಹೆಸರಿಲ್ಲ" ಅಂತ ಅವನನ್ನು ಬಿಸಿಲಲ್ಲಿ ನಿಲ್ಲಿಸುತ್ತಾರೆ. ಎರಡನೇ ಸಲ ಹೀಗಾದ ಮೇಲೆ ಅವನು ವಾಪಸ್ ಬರುವುದು ಕಷ್ಟ. ಅವನು ಯಾವ ದಿನ ಅಂತ ಹೇಳಿದ ತಕ್ಷಣ, ಆ ಹೆಸರು, ದಿನ, ಸಮಯವನ್ನು ಗೇಟ್‌ಗೂ ಕಳಿಸಿ.