ಮೂರು ಸೆಕೆಂಡಿನಲ್ಲಿ ಒಂದು ದಿಲ್‌ಪಸಂದ್

ಸಣ್ಣ ಬೇಕರಿಯವರು ಲೋಗೋ ಆನಿಮೇಷನ್ ಕೇಳುವಾಗ ಆಸೆ ಜಾಸ್ತಿ ಇರುತ್ತದೆ. ಬನ್ ಉಬ್ಬಬೇಕು, ಹಬೆ ಏಳಬೇಕು, ಹೆಸರು ಮಿನುಗಬೇಕು. ಆದರೆ ಸೆಕೆಂಡಿಗೆ 25 ಫ್ರೇಮ್ ಅಂದರೆ ಮೂರು ಸೆಕೆಂಡಿಗೆ ನಮ್ಮ ಕೈಲಿರುವುದು ಬರೀ 75. ಹೆಸರನ್ನು ಓದುವುದಕ್ಕೆ ಕೊನೆಯ ಒಂದು ಸೆಕೆಂಡಾದರೂ ಎಲ್ಲವೂ ಅಲುಗಾಡದೆ ನಿಲ್ಲಬೇಕು. ಉಳಿದದ್ದರಲ್ಲಿ ಒಂದೇ ಒಂದು ಸಂಗತಿ ನಡೆಯಬಹುದು.

ಅಯ್ಯಂಗಾರ್ ಬೇಕರಿಯೊಂದಕ್ಕೆ ಮಾಡುತ್ತಿದ್ದೇವೆ ಅಂದುಕೊಳ್ಳಿ. ಆ ಸಂಗತಿ ದಿಲ್‌ಪಸಂದ್ ಕತ್ತರಿಸುವುದು. ಕಂದು ವೃತ್ತ, ಚಾಕುವಿಗೆ ಒಂದು ಬಿಳಿ ಗೆರೆ, ಹೊರಬರುವ ಒಂದು ತುಂಡು. ಅಷ್ಟೇ ಸಾಕು.

ನಾನು ಮೊದಲು ಗುರುತು ಹಾಕುವುದು ಚಾಕು ತಗಲುವ ಫ್ರೇಮನ್ನು. ಇಲ್ಲಿ ಅದು 25. ವೃತ್ತ ಮೊದಲ ಹತ್ತು ಫ್ರೇಮಿನಲ್ಲಿ ಬಂದು ಕೂರುತ್ತದೆ. 17ರಿಂದ ಗೆರೆ ನಿಧಾನವಾಗಿ ಮೇಲೇಳುತ್ತದೆ, 22ರಿಂದ ಮೂರೇ ಫ್ರೇಮಿನಲ್ಲಿ ಕೆಳಗೆ ಬೀಳುತ್ತದೆ. ಆ ಮೇಲೇಳುವಿಕೆ ಇಲ್ಲದಿದ್ದರೆ ಏಟಿಗೆ ತೂಕವೇ ಬರುವುದಿಲ್ಲ. ಆಮೇಲೆ ತುಂಡು ಹೊರಗೆ ಹಾರಿ, ತನ್ನ ಜಾಗವನ್ನು ಸ್ವಲ್ಪ ದಾಟಿ, ಹಿಂದೆ ಸರಿದು 38ಕ್ಕೆ ನಿಲ್ಲುತ್ತದೆ. ತುಂಡನ್ನು ಬಲಬದಿಯಿಂದ ತೆಗೆಯಬೇಡಿ. ಪ್ಯಾಕ್‌ಮನ್ ಬಾಯಿ ತೆರೆದ ಹಾಗೆ ಕಾಣುತ್ತದೆ! ಮೇಲ್ಭಾಗದಿಂದ ತೆಗೆದು, ಪಕ್ಕದಲ್ಲೇ ಉಳಿಸಿ.

ಸದ್ದಿಗೆ ಮರದ ಹಲಗೆಯ ಮೇಲೆ ಚಾಕು ಬಿದ್ದ 'ಟಕ್' ಸಾಕು. ಫೋನಿನಲ್ಲೇ ರೆಕಾರ್ಡ್ ಮಾಡಬಹುದು. ಫೈಲಿನ ಆರಂಭದ ಮೌನವನ್ನು ಕತ್ತರಿಸಿ, ಸದ್ದಿನ ಅಲೆ ಥಟ್ಟನೆ ಏಳುವ ಜಾಗವನ್ನು 25ನೇ ಫ್ರೇಮಿಗೆ ಕೂರಿಸಿ. ಸದ್ದು ಒಂದು ಫ್ರೇಮ್ ತಡವಾದರೆ ನಡೆಯುತ್ತದೆ. ಮುಂಚೆ ಬಂದರೆ ಮಾತ್ರ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏಕೆಂದರೆ ಹೊರಗೆ ಯಾವತ್ತೂ ನೋಟದ ಹಿಂದೆಯೇ ಸದ್ದು ಬರುವುದು. ಕೆಲಸ ಮುಗಿಯುವ ತನಕ WAV ಇಟ್ಟುಕೊಳ್ಳಿ, MP3 ತಲೆಯಲ್ಲಿ ಚೂರು ಮೌನ ಸೇರಿಕೊಳ್ಳುತ್ತದೆ. ಬರೀ 'ಧಂ' ಅನ್ನುವ ತಗ್ಗು ಸದ್ದನ್ನು ನಂಬಿದರೆ ಹೆಡ್‌ಫೋನಿನಲ್ಲಿ ಚೆನ್ನಾಗಿರುತ್ತದೆ, ಫೋನಿನ ಸ್ಪೀಕರಿನಲ್ಲಿ ಕೇಳಿಸುವುದೇ ಇಲ್ಲ.

ಇನ್ನು ಹೆಸರು. 'ಅಯ್ಯಂಗಾರ್' ಅನ್ನು ಅಕ್ಷರ ಅಕ್ಷರವಾಗಿ ಕುಣಿಸಲು ಹೋದರೆ ಅನೇಕ ಸಲ ಯ ಒತ್ತು ಕಳಚಿಕೊಂಡು ಬೇರೆಯಾಗಿ ಓಡಾಡುತ್ತದೆ. ಪದವನ್ನು ಔಟ್‌ಲೈನ್ ಮಾಡಿ, ಅಂದರೆ ಅಕ್ಷರಗಳನ್ನು ಬರೀ ಆಕಾರಗಳಾಗಿ ಬದಲಿಸಿ, ಇಡಿಯಾಗಿ ಕೆಳಗಿನಿಂದ ಏರಿಸಿ. ಮಾಸ್ಕ್ ಹಾಕುವುದಾದರೆ ಅಡಿಯಲ್ಲಿ ಒತ್ತಿಗೂ ಜಾಗ ಬಿಡಿ. ಇಂಗ್ಲಿಷ್ ಅಳತೆಯ ಮಾಸ್ಕ್ ಅದನ್ನು ಸುಮ್ನೆ ನುಂಗಿಬಿಡುತ್ತದೆ. 45ರೊಳಗೆ ಹೆಸರು ನಿಂತಿರಬೇಕು.

ಕೊನೆಗೆ ಸದ್ದಿಲ್ಲದೆ ಒಮ್ಮೆ ಫೋನಿನಲ್ಲಿ ನೋಡಿ. ಕತ್ತರಿಸಿದ್ದು ಅರ್ಥವಾಗದಿದ್ದರೆ ಗೆರೆಯನ್ನು ದಪ್ಪ ಮಾಡಿ. ಆಮೇಲೆ ಸದ್ದು ಹಾಕಿ, ಅದರ ಬಾಲ 70ನೇ ಫ್ರೇಮಿನೊಳಗೆ ಮೆಲ್ಲಗೆ ಕರಗುತ್ತದಾ ನೋಡಿಕೊಳ್ಳಿ.