ಒಂದು ಲೀಟರ್ ಹಾಲಿಗೆ ಮೇವಿನ ಖರ್ಚು ಎಷ್ಟು?

ಪ್ರಶ್ನೆ: ನಮ್ಮ ಎಚ್‌ಎಫ್ ಮಿಶ್ರತಳಿ ಹಸು ದಿನಕ್ಕೆ 12 ಲೀಟರ್ ಕೊಡುತ್ತೆ. 25 ಕೆಜಿ ಹಸಿ ಮೇವು, 5 ಕೆಜಿ ರಾಗಿ ಹುಲ್ಲು, 6 ಕೆಜಿ ಫೀಡ್, 50 ಗ್ರಾಂ ಖನಿಜ ಮಿಶ್ರಣ ಹಾಕ್ತೀವಿ. ಲೀಟರಿಗೆ ಎಷ್ಟು ಬೀಳುತ್ತೆ?

ಲೆಕ್ಕ ಸುಲಭ. ರೇಟು ಮಾತ್ರ ನಿಮ್ಮೂರಿನದ್ದು ಹಾಕಿಕೊಳ್ಳಿ, ನಾನು ಉದಾಹರಣೆಗೆ ಒಂದಿಷ್ಟು ಹಿಡಿಯುತ್ತೇನೆ. ಹಸಿ ಮೇವು ಕೆಜಿಗೆ 3 ರೂಪಾಯಿಯಂತೆ 75. ರಾಗಿ ಹುಲ್ಲು 8ರಂತೆ 40. ಫೀಡ್ 50 ಕೆಜಿ ಮೂಟೆಗೆ 1,300 ಅಂದರೆ ಕೆಜಿಗೆ 26, ಆರು ಕೆಜಿಗೆ 156. ಖನಿಜ ಮಿಶ್ರಣ 6. ಒಟ್ಟು 277 ರೂಪಾಯಿ. ಇದನ್ನು 12ರಿಂದ ಭಾಗಿಸಿದರೆ ಲೀಟರಿಗೆ ಸುಮಾರು 23.

ಭಾಗಿಸುವಾಗ ಡೈರಿಗೆ ಹಾಕಿದ ಹಾಲಷ್ಟೇ ಅಲ್ಲ, ಮನೆಗೆ ಇಟ್ಟುಕೊಂಡಿದ್ದು, ಕರು ಕುಡಿದಿದ್ದು ಎಲ್ಲ ಸೇರಬೇಕು. ಸ್ವಂತ ಹೊಲದ ಹುಲ್ಲಿಗೆ ಸೊನ್ನೆ ಬರೆಯುವವರೇ ಜಾಸ್ತಿ, ಆದರೆ ಅದನ್ನೇ ಮಾರಿದ್ದರೆ ದುಡ್ಡು ಬರುತ್ತಿತ್ತು ಅಲ್ವಾ? ಹಾಗಾಗಿ ಊರಿನ ರೇಟೇ ಹಿಡಿಯಿರಿ. ಇನ್ನು 'ಒಂದು ಹೊರೆ' ಅಂತ ಅಂದಾಜು ಬೇಡ, ಒಂದು ಸಲ ತೂಗಿ ನೋಡಿ.

ಆದರೆ ಈ 23 ರೂಪಾಯಿ ಇವತ್ತಿನ ದಿನದ ಲೆಕ್ಕ ಮಾತ್ರ. ಹಸು ಸೂಲಿನುದ್ದಕ್ಕೂ 12 ಲೀಟರ್ ಕೊಡುವುದಿಲ್ಲ, ಬತ್ತಿದ ಮೇಲೆ ಕೊಡುವುದೇ ಇಲ್ಲ, ತಿನ್ನುವುದನ್ನು ಮಾತ್ರ ಬಿಡುವುದಿಲ್ಲ.

ಒಂದು ಕರುವಿನಿಂದ ಇನ್ನೊಂದು ಕರುವಿಗೆ 400 ದಿನ ಅಂತಿಟ್ಟುಕೊಳ್ಳಿ. ಅದರಲ್ಲಿ 300 ದಿನ ಹಾಲು, ಸರಾಸರಿ 9 ಲೀಟರ್, ಒಟ್ಟು 2,700 ಲೀಟರ್. ಹಾಲು ಕಮ್ಮಿಯಾದಂತೆ ಫೀಡೂ ಇಳಿಸುತ್ತೀರಿ, ಸರಾಸರಿ 5 ಕೆಜಿ ಅಂದರೆ ದಿನಕ್ಕೆ 251 ರೂಪಾಯಿ, 300 ದಿನಕ್ಕೆ 75,300. ಬತ್ತಿದ 100 ದಿನ ಫೀಡ್ 2 ಕೆಜಿ, ಉಳಿದದ್ದು ಅಷ್ಟೇ ಅಂದರೆ ದಿನಕ್ಕೆ 173, ಒಟ್ಟು 17,300. ಎರಡೂ ಸೇರಿ 92,600. ಲೀಟರಿಗೆ 34 ರೂಪಾಯಿ ದಾಟಿತು! ಡೈರಿ ಕೊಡುವ ದರದ ಜೊತೆ ಹೋಲಿಸಬೇಕಾದ್ದು ಈ ಅಂಕಿಯನ್ನು. ಇದರಲ್ಲಿ ಕೂಲಿ, ಡಾಕ್ಟರು, ಸಾಲದ ಬಡ್ಡಿ ಯಾವುದೂ ಇಲ್ಲ.

ಹಾಗಂತ ಹಾಲು ಕೊಡುವ ಹಸುವಿಗೆ ಸುಮ್ನೆ ಫೀಡ್ ಕಡಿಮೆ ಮಾಡಬೇಡಿ. 12 ಲೀಟರಿನ ಹಸುವಿಗೆ 2 ಕೆಜಿ ಕಡಿತ ಮಾಡಿದರೆ ದಿನಕ್ಕೆ 52 ರೂಪಾಯಿ ಉಳಿಯುತ್ತದೆ, ನಿಜ. ಆದರೆ ಹಾಲು 8ಕ್ಕೆ ಇಳಿದರೆ 225 ರೂಪಾಯಿಯನ್ನು 8ರಿಂದ ಭಾಗಿಸಬೇಕು, ಲೀಟರಿಗೆ 28 ಆಯಿತು.

ಕಡಿಮೆ ಮಾಡಬೇಕಾದ್ದು ಬತ್ತಿದ ದಿನಗಳನ್ನು. ಕರು ಹಾಕುವ ಮುಂಚೆ ಸುಮಾರು 60 ದಿನ ಹಸುವಿಗೆ ಬಿಡುವು ಬೇಕೇ ಬೇಕು. ಮಿಕ್ಕ ದಿನಗಳು ಬಹುತೇಕ ಗಬ್ಬ ತಡವಾಗಿ ನಿಂತದ್ದರಿಂದ ಬರುತ್ತವೆ. ಬೆದೆ ಒಂದು ಸಲ ಗಮನಕ್ಕೆ ಬರದೆ ಹೋದರೆ ಮತ್ತೆ 21 ದಿನ ಕಾಯಬೇಕು. ಅಷ್ಟೂ ದಿನ ಬತ್ತಿದ ಲೆಕ್ಕಕ್ಕೇ ಸೇರಿದರೆ, ಮೇವಿಗೇ 3,633 ರೂಪಾಯಿ.